ಪುಟ ಮುಗಿದರೂ ನಮೂದು ಮುಗಿದಿರುವುದಿಲ್ಲ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತನಾಡುವುದು ಒಂದು ಪುಟ್ಟ ಜಾಗದ ಬಗ್ಗೆ. ಉದ್ದದ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದು ಸ್ಕ್ಯಾನ್ ಆಗಿ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಪ್ರತಿ ಪುಟವೂ ಒಂದೊಂದು ಚಿತ್ರ. ಅದನ್ನು ಓಸಿಆರ್ ಮಾಡಿ, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಪ್ರೋಗ್ರಾಂನಿಂದ ಓದಿಸಿ, ಸ್ಪ್ರೆಡ್‌ಶೀಟ್‌ಗೆ ತರಬೇಕು. ಪುಟದ ನಡುವಿನ ಭಾಗ ಸಾಮಾನ್ಯವಾಗಿ ಸರಿಯಾಗಿಯೇ ಬರುತ್ತದೆ. ತೊಂದರೆ ಶುರುವಾಗುವುದು ಒಂದು ಪುಟದ ತಳ ಮತ್ತು ಮುಂದಿನ ಪುಟದ ತಲೆ ಸೇರುವ ಕಡೆ. ಅಲ್ಲಿ ಒಂದು ನಮೂದು ಅರ್ಧ ಇತ್ತ, ಅರ್ಧ ಅತ್ತ ಉಳಿದಿರುತ್ತದೆ.

ಮೊದಲೇ ಎರಡು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಚಿತ್ರದಲ್ಲಿ ಅಡ್ಡಕ್ಕೆ ಕಾಣುವ ಒಂದು ಸಾಲು ಅಕ್ಷರಗಳನ್ನು ‘ಸಾಲು’ ಎನ್ನುತ್ತೇನೆ. ಒಂದು ಪೂರ್ತಿ ವ್ಯವಹಾರವನ್ನು ‘ನಮೂದು’ ಎನ್ನುತ್ತೇನೆ. ಒಂದು ನಮೂದಿಗೆ ಒಂದೇ ಸಾಲು ಇರಬಹುದು, ಮೂರೂ ಇರಬಹುದು. ಓಸಿಆರ್‌ಗೆ ಗೊತ್ತಿರುವುದು ಸಾಲು ಮಾತ್ರ. ನಮೂದು ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ನಾವೇ ಹೇಳಬೇಕು.

ನಾನು ಈ ಕೆಲಸ ಶುರು ಮಾಡಿದಾಗ ಪ್ರತಿ ಪುಟವನ್ನೂ ಬೇರೆಯಾಗಿಯೇ ಟೇಬಲ್ ಮಾಡುತ್ತಿದ್ದೆ. ಆಮೇಲೆ ಆ ಟೇಬಲ್‌ಗಳನ್ನು ಒಂದರ ಕೆಳಗೆ ಒಂದು ಅಂಟಿಸುತ್ತಿದ್ದೆ. ಅದೇ ತಪ್ಪು. ಪುಟದ ಮಟ್ಟದಲ್ಲೇ ನಮೂದುಗಳನ್ನು ಕತ್ತರಿಸಿದರೆ, ತಳದ ಅರ್ಧ ನಮೂದು ಒಂದು ಪೂರ್ತಿ ನಮೂದಿನ ವೇಷದಲ್ಲಿ ಕೂತುಬಿಡುತ್ತದೆ. ಮುಂದಿನ ಪುಟದ ತಲೆಯಲ್ಲಿರುವ ಅರ್ಧಕ್ಕೆ ತಾರೀಖು ಇಲ್ಲ ಎಂದು ಪ್ರೋಗ್ರಾಂ ಅದನ್ನು ಎಸೆಯುತ್ತದೆ. ಕ್ರಮ ಬೇರೆ ಇರಬೇಕು. ಮೊದಲು ಪ್ರತಿ ಪುಟದಿಂದ ಬರೀ ಸಾಲುಗಳನ್ನು ತೆಗೆಯಿರಿ. ಹೆಡರ್, ಫೂಟರ್, ಪುಟ ಸಂಖ್ಯೆ, ಪುಟದ ಮೊತ್ತ ಇವನ್ನೆಲ್ಲ ಗುರುತು ಹಾಕಿ ಪಕ್ಕಕ್ಕಿಡಿ. ಉಳಿದ ಸಾಲುಗಳನ್ನು ಎಲ್ಲ ಪುಟಗಳಿಂದಲೂ ಒಂದೇ ಉದ್ದದ ಪಟ್ಟಿಯಾಗಿ ಜೋಡಿಸಿ. ನಮೂದುಗಳಾಗಿ ಕತ್ತರಿಸುವುದು ಅದಾದ ಮೇಲೆ.

ಒಂದು ಉದಾಹರಣೆ ನೋಡೋಣ. ಇದು ನಾಲ್ಕನೇ ಪುಟದ ತಳ:

```
14-03  TRANSFER REF
       4471902            1,250.00             18,430.00
14-03  CARD PAYMENT ORDER 88
```

ಇದು ಐದನೇ ಪುಟದ ತಲೆ:

```
Date   Details            Debit     Credit     Balance
       B/F                                     18,430.00
       2031 ONLINE        640.00               17,790.00
15-03  SALARY                       9,000.00   26,790.00
```

ಇಲ್ಲಿ ಏನಾಗಿದೆ? ಕಾರ್ಡ್ ಪಾವತಿಯ ನಮೂದು ಎರಡು ಸಾಲಿನದು. ತಾರೀಖು ಮೊದಲ ಸಾಲಿನಲ್ಲಿದೆ, ಹಣ ಎರಡನೇ ಸಾಲಿನಲ್ಲಿದೆ. ಪುಟ ಆ ಎರಡರ ನಡುವೆಯೇ ಮುಗಿದಿದೆ. ಸಾಲದ್ದಕ್ಕೆ ಮಧ್ಯದಲ್ಲಿ ಕಾಲಂ ಹೆಸರುಗಳೂ, ಹಿಂದಿನ ಪುಟದಿಂದ ತಂದ ಬ್ಯಾಲೆನ್ಸ್ ಸಾಲೂ ಬಂದು ಕೂತಿವೆ. `B/F` ಎಂಬುದು ವ್ಯವಹಾರವಲ್ಲ, ಮುಂದೆ ತಂದ ಬಾಕಿ. ಕೆಲವು ಸ್ಟೇಟ್‌ಮೆಂಟ್‌ಗಳಲ್ಲಿ ಪುಟದ ತಳದಲ್ಲಿ `C/F`, ಅಂದರೆ ಮುಂದಿನ ಪುಟಕ್ಕೆ ಒಯ್ಯುವ ಬಾಕಿ, ಕೂಡ ಇರುತ್ತದೆ.

ಇಲ್ಲಿ ಜಾಸ್ತಿ ಜನ ಒಂದು ಸುಲಭ ನಿಯಮ ಬರೆದುಕೊಳ್ಳುತ್ತಾರೆ: ತಾರೀಖು ಇಲ್ಲದ ಸಾಲು ಅಂದರೆ ಹಿಂದಿನ ನಮೂದಿನ ಮುಂದುವರಿಕೆ. ಈ ಉದಾಹರಣೆಗೆ ಅದು ಸಾಕು. ಆದರೆ ಒಂದೇ ದಿನದ ಹಲವು ವ್ಯವಹಾರಗಳಿಗೆ ತಾರೀಖನ್ನು ಒಂದೇ ಸಲ ಅಚ್ಚು ಮಾಡುವ ಸ್ಟೇಟ್‌ಮೆಂಟ್‌ಗಳೂ ಇವೆ. ಅಲ್ಲಿ ತಾರೀಖು ಇಲ್ಲದ ಸಾಲು ಹೊಸದೇ ನಮೂದು. ಈ ನಿಯಮ ಹಚ್ಚಿದರೆ ಎರಡು ವ್ಯವಹಾರ ಸೇರಿ ಒಂದಾಗುತ್ತವೆ.

ಹಾಗಾದರೆ ತಿಳಿಯುವುದು ಹೇಗೆ? ನನ್ನ ಅನುಭವದಲ್ಲಿ ಉತ್ತರ ಪುಟದ ಅಂಚಿನಲ್ಲಿ ಇರುವುದಿಲ್ಲ, ಪುಟದ ಹೊಟ್ಟೆಯಲ್ಲಿ ಇರುತ್ತದೆ. ಪುಟದ ನಡುವೆ, ಯಾವ ಅಂಚೂ ತಾಗದೆ, ಪೂರ್ತಿಯಾಗಿ ಕೂತಿರುವ ಎರಡು ಮೂರು ಸಾಲಿನ ನಮೂದುಗಳನ್ನು ಹುಡುಕಿ. ಹತ್ತು ಸಿಕ್ಕಿದರೂ ಸಾಕು. ಅವುಗಳಲ್ಲಿ ತಾರೀಖು ಯಾವ ಸಾಲಿನಲ್ಲಿದೆ, ಹಣ ಯಾವ ಸಾಲಿನಲ್ಲಿದೆ ಎಂದು ನೋಡಿ. ಇದರಲ್ಲಿ ಮೂರು ಬಗೆ ಕಾಣುತ್ತವೆ. ಎಲ್ಲವೂ ಮೊದಲ ಸಾಲಿನಲ್ಲೇ ಇರುವುದು ಒಂದು. ನಮ್ಮ ಉದಾಹರಣೆಯಂತೆ ತಾರೀಖು ಮೊದಲ ಸಾಲಿನಲ್ಲಿ, ಹಣ ಕೊನೆಯ ಸಾಲಿನಲ್ಲಿ ಇರುವುದು ಇನ್ನೊಂದು. ನಾಲ್ಕನೇ ಪುಟದ ಆ `TRANSFER` ನಮೂದು ಇದನ್ನೇ ತೋರಿಸುತ್ತಿದೆ, ಅಲ್ವಾ? ಅದು ಪುಟದೊಳಗೇ ಪೂರ್ತಿ ಇದೆ, ಹಣ ಅದರ ಎರಡನೇ ಸಾಲಿನಲ್ಲಿದೆ.

ಮೂರನೆಯ ಬಗೆಯೇ ನಿಜವಾಗಿ ಕಷ್ಟದ್ದು. ಮೂರು ಸಾಲಿನ ವಿವರ ಇದ್ದರೆ, ತಾರೀಖು ಮತ್ತು ಹಣ ನಡುವಿನ ಸಾಲಿನ ಎತ್ತರಕ್ಕೆ ಇರುತ್ತವೆ. ಪುಟ ಮುರಿದಾಗ ತಳದಲ್ಲಿ ವಿವರದ ಮೊದಲ ಸಾಲು ಒಂಟಿಯಾಗಿ ಉಳಿಯುತ್ತದೆ. ತಾರೀಖೂ ಇಲ್ಲ, ಹಣವೂ ಇಲ್ಲ. ನೋಡಿದರೆ ಅದು ಮೇಲಿನ ನಮೂದಿನ ಬಾಲದಂತೆಯೇ ಕಾಣುತ್ತದೆ. ಆದರೆ ಅದು ಕೆಳಗಿನ ನಮೂದಿನ ತಲೆ! ಇಲ್ಲಿ ಪದಗಳು ಸಹಾಯ ಮಾಡುವುದಿಲ್ಲ, ಸಾಲುಗಳ ನಡುವಿನ ಅಂತರ ಅಳೆಯಬೇಕು. ಒಂದೇ ನಮೂದಿನೊಳಗಿನ ಸಾಲುಗಳು ಸಾಮಾನ್ಯವಾಗಿ ಹತ್ತಿರ ಇರುತ್ತವೆ, ಎರಡು ನಮೂದುಗಳ ನಡುವೆ ಅಂತರ ಸ್ವಲ್ಪ ಹೆಚ್ಚಿರುತ್ತದೆ. ಪುಟದ ನಡುವೆ ಒಳಗಿನ ಅಂತರ 30 ಪಿಕ್ಸೆಲ್, ಹೊರಗಿನದು 46 ಪಿಕ್ಸೆಲ್ ಎಂದು ಕಂಡುಬಂದರೆ, ತಳದ ಒಂಟಿ ಸಾಲು ಮೇಲಿನದಕ್ಕಿಂತ 45 ಪಿಕ್ಸೆಲ್ ದೂರದಲ್ಲಿದ್ದರೆ, ಅದು ಹೊಸ ನಮೂದು.

ನಮೂದುಗಳ ನಡುವೆ ಅಡ್ಡ ಗೆರೆ ಎಳೆದಿದ್ದರೆ ಇನ್ನೂ ಒಳ್ಳೆಯದು. ಆದರೆ ಪುಟದ ಕೊನೆಯ ಗೆರೆಯನ್ನು ಮಾತ್ರ ನಂಬಬೇಡಿ. ನಮೂದು ಮುಗಿಯದಿದ್ದರೂ ಚೌಕಟ್ಟು ಮುಚ್ಚಲು ತಳದಲ್ಲಿ ಗೆರೆ ಎಳೆಯುವುದು ಸಾಮಾನ್ಯ.

ಇನ್ನೊಂದು ಮಾತು, ಚುಟುಕಾಗಿ. ನಾಲ್ಕನೇ ಪುಟದ ಕಾಲಂಗಳ ಜಾಗವನ್ನೇ ಐದನೇ ಪುಟಕ್ಕೂ ಬಳಸಬೇಡಿ. ಸ್ಕ್ಯಾನರ್‌ನಲ್ಲಿ ಹಾಳೆ ಸ್ವಲ್ಪ ಓರೆಯಾದರೂ ಡೆಬಿಟ್ ಕಾಲಂನ ಅಂಕಿ ಕ್ರೆಡಿಟ್‌ಗೆ ಜಾರುತ್ತದೆ. ಮೊದಲು ಓರೆ ಸರಿ ಮಾಡಿ, ಪ್ರತಿ ಪುಟದಲ್ಲೂ ಅದರದೇ ಕಾಲಂ ಹೆಸರುಗಳಿಂದ ಜಾಗ ಗುರುತಿಸಿ. ಹೆಸರುಗಳು ಮತ್ತೆ ಅಚ್ಚಾಗಿರದಿದ್ದರೆ ಅಂಕಿಗಳ ಬಲ ಅಂಚು ನೋಡಿ. ಹಣದ ಅಂಕಿಗಳನ್ನು ಸಾಮಾನ್ಯವಾಗಿ ಬಲಕ್ಕೆ ಒತ್ತಿ ಅಚ್ಚು ಮಾಡಿರುತ್ತಾರೆ, ಹಾಗಾಗಿ ಒಂದು ಕಾಲಂನ ಅಂಕಿಗಳೆಲ್ಲ ಒಂದೇ ಕಡೆ ಮುಗಿಯುತ್ತವೆ.

ಜೋಡಿಸಿದ್ದು ಸರಿಯೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ? ಇದಕ್ಕೆ ಸ್ಟೇಟ್‌ಮೆಂಟ್ ತಾನೇ ಸಾಕ್ಷಿ ಕೊಡುತ್ತದೆ. ಹಿಂದಿನ ಬ್ಯಾಲೆನ್ಸ್‌ನಿಂದ ಡೆಬಿಟ್ ಕಳೆದು ಕ್ರೆಡಿಟ್ ಕೂಡಿದರೆ ಈ ನಮೂದಿನ ಬ್ಯಾಲೆನ್ಸ್ ಬರಬೇಕು:

```
18,430.00 - 640.00   = 17,790.00
17,790.00 + 9,000.00 = 26,790.00
```

ಎರಡೂ ಕೂಡಿಬಂದವು. `B/F` ಸಾಲನ್ನು ವ್ಯವಹಾರವಾಗಿ ಸೇರಿಸಬೇಡಿ ಎಂದೆ, ಆದರೆ ಎಸೆಯಲೂ ಬೇಡಿ. ಅದರ 18,430 ಮತ್ತು ನಾಲ್ಕನೇ ಪುಟದ ಕೊನೆಯ ಪೂರ್ತಿ ನಮೂದಿನ 18,430 ಒಂದೇ ಆಗಿವೆ. ಅಂದರೆ ಕಾರ್ಡ್ ಪಾವತಿಯ ಹಣ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಅದು ಮುಂದಿನ ಪುಟದಲ್ಲೇ ಇರಬೇಕು ಎಂದು ಆ ಸಾಲೇ ಹೇಳುತ್ತಿದೆ.

ಲೆಕ್ಕ ತಪ್ಪಿದಾಗ ಆ ವ್ಯತ್ಯಾಸವನ್ನು ಸುಮ್ನೆ ಬಿಡಬೇಡಿ. ಅದು ತಪ್ಪಿನ ಗುರುತು ಕೊಡುತ್ತದೆ. ಕಾರ್ಡ್ ಪಾವತಿಯ ಎರಡನೇ ಅರ್ಧ ಬಿಟ್ಟುಹೋಗಿದೆ ಅಂದುಕೊಳ್ಳಿ. ಆಗ 18,430ಕ್ಕೆ 9,000 ಕೂಡಿ 27,430 ಬರುತ್ತದೆ, ಆದರೆ ಅಚ್ಚಾಗಿರುವುದು 26,790. ವ್ಯತ್ಯಾಸ 640, ಬಿಟ್ಟುಹೋದ ಹಣವೇ ಅದು. ಬದಲಿಗೆ ಆ 640 ಕ್ರೆಡಿಟ್ ಕಾಲಂಗೆ ಜಾರಿದ್ದರೆ 19,070 ಬರುತ್ತದೆ. ಅಚ್ಚಾದ 17,790ಕ್ಕೂ ಅದಕ್ಕೂ ವ್ಯತ್ಯಾಸ 1,280, ಅಂದರೆ ಸರಿಯಾಗಿ ಎರಡು ಪಟ್ಟು. ಎರಡು ಪಟ್ಟು ಕಂಡರೆ ಕಾಲಂ ನೋಡಿ. ಹತ್ತಿರದ ಯಾವ ನಮೂದಿನ ಹಣಕ್ಕೂ ಹೊಂದದ ದೊಡ್ಡ ವ್ಯತ್ಯಾಸ ಪುಟದ ಗಡಿಯಲ್ಲೇ ಬಂದರೆ ಒಂದು ಪುಟವೇ ಸ್ಕ್ಯಾನ್ ಆಗಿಲ್ಲದಿರಬಹುದು, ಪುಟ ಸಂಖ್ಯೆ ನೋಡಿ. ಇದು ಮುಖ್ಯ, ಯಾಕೆಂದರೆ ನಡುವೆ ಪುಟ ಕಾಣೆಯಾದಾಗ ಮೇಲಿನ ಅರ್ಧ ಒಂದು ನಮೂದಿನದು, ಕೆಳಗಿನ ಅರ್ಧ ಇನ್ನಾವುದರದೋ. ಎರಡನ್ನೂ ಅಂಟಿಸಿದರೆ ನೋಡಲು ಚೆನ್ನಾಗಿಯೇ ಕಾಣುತ್ತದೆ.

ಆದರೆ ಈ ಲೆಕ್ಕಕ್ಕೂ ಒಂದು ಮಿತಿ ಇದೆ. ಅದು ಹಣವನ್ನು ಕಾಯುತ್ತದೆ, ವಿವರವನ್ನು ಕಾಯುವುದಿಲ್ಲ. ನನಗೆ ಇದು ತಿಳಿದದ್ದು ಕೆಲಸ ಕೆಟ್ಟ ಮೇಲೆಯೇ. ಒಂದು ಸಲ ಎಲ್ಲ ಬ್ಯಾಲೆನ್ಸ್‌ಗಳೂ ಕೂಡಿಬಂದವೆಂದು ಕೆಲಸ ಒಪ್ಪಿಸಿದ್ದೆ. ಎರಡು ದಿನದ ನಂತರ ಲೆಕ್ಕ ನೋಡುವವರು ಕರೆದು, ಒಂದು ಪಾವತಿಯ ಆರ್ಡರ್ ನಂಬರ್ ಎಲ್ಲೂ ಸಿಗುತ್ತಿಲ್ಲ ಎಂದರು. ಪುಟದ ಗಡಿಯಲ್ಲಿ ಆ ನಂಬರ್ ಎರಡು ತುಂಡಾಗಿತ್ತು. ನಾನು ನಡುವೆ ಜಾಗ ಬಿಟ್ಟು ಸೇರಿಸಿದ್ದೆ. ಅವರು ಅರ್ಧ ದಿನ ಹುಡುಕಿದ್ದರು. ಆವತ್ತು ನನಗೆ ನಿಜಕ್ಕೂ ಬೇಸರವಾಯಿತು.

ನಮ್ಮ ಉದಾಹರಣೆಯಲ್ಲೂ ಅದೇ ಪ್ರಶ್ನೆ ಇದೆ. `88` ಮತ್ತು `2031` ಸೇರಿದರೆ `882031` ಆಗಬೇಕೇ, `88 2031` ಆಗಬೇಕೇ? ಎರಡು ಕಡೆ ನೋಡಬೇಕು. ಮೊದಲನೆಯದು, `88` ಎಲ್ಲಿ ಮುಗಿಯುತ್ತದೆ? ಅದು ವಿವರದ ಕಾಲಂನ ಬಲ ಅಂಚಿಗೆ ತಾಗಿದ್ದರೆ, ಜಾಗ ಸಾಲದೆ ಪದ ಮಧ್ಯದಲ್ಲಿ ಮುರಿದಿರುವ ಸಾಧ್ಯತೆ ಹೆಚ್ಚು. ಅಂಚಿಗಿಂತ ತುಂಬ ಮೊದಲೇ ಮುಗಿದಿದ್ದರೆ ಅಲ್ಲಿ ಸಹಜವಾಗಿ ಒಂದು ಪದ ಮುಗಿದಿದೆ. ಎರಡನೆಯದು, ಇದೇ ಸ್ಟೇಟ್‌ಮೆಂಟ್‌ನಲ್ಲಿ ಬೇರೆ ಕಾರ್ಡ್ ಪಾವತಿಗಳು ಪುಟದ ನಡುವೆ ಪೂರ್ತಿಯಾಗಿ ಇದ್ದಾವೆಯೇ? ಅವುಗಳ ಆರ್ಡರ್ ನಂಬರ್‌ಗಳೆಲ್ಲ ಆರು ಅಂಕಿಯವಾದರೆ ನಿಮಗೆ ಉತ್ತರ ಸಿಕ್ಕಿತು. ಎರಡು ಕಡೆಯ ಸಾಕ್ಷಿ ಒಂದಕ್ಕೊಂದು ಹೊಂದದಿದ್ದರೆ ಊಹಿಸಿ ಸೇರಿಸಬೇಡಿ. ಎರಡು ತುಂಡುಗಳನ್ನೂ ಹಾಗೆಯೇ ಇಟ್ಟು, ಮನುಷ್ಯರು ಚಿತ್ರ ನೋಡಿ ತೀರ್ಮಾನಿಸಲಿ ಎಂದು ಗುರುತು ಹಾಕಿ.

ಆ ಘಟನೆಯ ನಂತರ ನಾನು ಒಂದು ಅಭ್ಯಾಸ ಇಟ್ಟುಕೊಂಡಿದ್ದೇನೆ. ಪ್ರತಿ ನಮೂದಿನ ಪಕ್ಕದಲ್ಲೂ ಅದು ಯಾವ ಪುಟದ ಯಾವ ಸಾಲಿನಿಂದ ಬಂತು ಎಂದು ಬರೆದಿಡುತ್ತೇನೆ. ಆರ್ಡರ್ ನಂಬರ್ ಆರು ಅಂಕಿಯದೇ ಎಂದು ಖಚಿತವಾಗಿದ್ದರೆ ಈ ಕಾರ್ಡ್ ಪಾವತಿಗೆ ಹೀಗಿರುತ್ತದೆ:

```
14-03 | CARD PAYMENT ORDER 882031 ONLINE | 640.00 | 17,790.00 | p4:L38 + p5:L3
```

ಕೊನೆಯ ಕಾಲಂನಲ್ಲಿ ಕೂಡಿಸುವ ಗುರುತು ಇರುವ ನಮೂದುಗಳನ್ನು ಮಾತ್ರ ಸೋಸಿ ತೆಗೆದರೆ, ಗಡಿ ದಾಟಿದವೆಲ್ಲ ಒಟ್ಟಿಗೆ ಸಿಗುತ್ತವೆ. 60 ಪುಟದ ಸ್ಟೇಟ್‌ಮೆಂಟ್‌ಗೆ ಇರುವುದೇ 59 ಗಡಿ, ಅದಕ್ಕಿಂತ ಜಾಸ್ತಿ ನಮೂದು ಗಡಿ ದಾಟುವಂತಿಲ್ಲ. ಅಷ್ಟನ್ನು ಚಿತ್ರಗಳ ಪಕ್ಕ ಇಟ್ಟು ಕಣ್ಣಿನಿಂದಲೇ ಓದಿ ಮುಗಿಸಬಹುದು. ನಾನು ಈಗ ಹಾಗೆಯೇ ಓದುತ್ತೇನೆ. ಬ್ಯಾಲೆನ್ಸ್ ಕೂಡಿಬಂದಿದ್ದರೂ ಓದುತ್ತೇನೆ.