ಹೆಸರು ಲಕೋಟೆಯ ಒಳಗಿರಲಿ

ಆಕಾಶವಾಣಿ ಕಾರವಾರದ ಕೇಳುಗರಿಗೆ ನಮಸ್ಕಾರ.

ಕೆಲಸಕ್ಕೆ ಸೇರಿದ ದಿನ ಕಂಪನಿಯವರು ಒಂದು ಕಟ್ಟು ಕಾಗದ ಮುಂದಿಟ್ಟು ಸಹಿ ಹಾಕಿಸಿಕೊಳ್ತಾರಲ್ಲ, ಅದರಲ್ಲಿ ವಿಸಲ್ ಬ್ಲೋವರ್ ಪಾಲಿಸಿ ಅಂತ ಒಂದು ಇರ್ತದೆ. ಮೂವತ್ತು ವರ್ಷ ಲೆಕ್ಕ ತಪಾಸಣೆ ಮಾಡಿದವ ನಾನು, ಅದನ್ನು ಓದಿದ ನೌಕರರನ್ನು ಒಂದು ಕೈಬೆರಳಲ್ಲಿ ಎಣಿಸಿಬಿಡ್ತೇನೆ. ಒಳಗಿನ ಮೋಸ ಕಣ್ಣಿಗೆ ಬಿದ್ದರೆ ಯಾರು ಹೇಳಬಹುದು, ಯಾರಿಗೆ ಹೇಳಬೇಕು, ಹೇಳಿದ ಮೇಲೆ ಏನಾಗ್ತದೆ, ಇಷ್ಟೇ ಅದರ ಸಾರ. ಇದೂ ಹೆಚ್ಚಾಯ್ತು ಅಂತಾದರೆ ಒಂದು ಮಾತು ಸಾಕು: ದೂರು ಬರೆಯುವಾಗ ನಿಮ್ಮ ಹೆಸರು ಲಕೋಟೆಯ ಒಳಗಿರಲಿ, ಮೇಲೆ ಬೇಡ. ಒಳಗೂ ಹೆಸರಿಲ್ಲದ ಕಾಗದ ಎಲ್ಲಿಗೆ ಹೋಗ್ತದೆ ಅನ್ನುವುದನ್ನು ನಾನೇ ಕಂಡಿದ್ದೇನೆ.

ನಮ್ಮ ಕರಾವಳಿಯ ಒಂದು ಫಿಶ್ ಮೀಲ್ ಫ್ಯಾಕ್ಟರಿ. ಹೆಸರು ಬೇಡ. ತಾರ್ಲೆ ತುಂಬಿದ ಲಾರಿ ಬರ್ತದೆ, ವೇಬ್ರಿಡ್ಜ್ ಮೇಲೆ ನಿಲ್ತದೆ, ತುಂಬಿದ ತೂಕ ದಾಖಲಾಗ್ತದೆ. ಮೀನು ಸುರುವಿ ಮತ್ತೆ ಬಂದು ನಿಂತಾಗ ಖಾಲಿ ತೂಕ. ಎರಡನ್ನೂ ಕಳೆದರೆ ಮೀನಿನ ತೂಕ, ಅದಕ್ಕೆ ದುಡ್ಡು. ಅಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದ ಹುಡುಗ ಕಂಪನಿಯ ನೌಕರನೂ ಅಲ್ಲ, ಗುತ್ತಿಗೆಯವ. ಅವನಿಗೆ ಒಂದು ದಿನ ಹಳೆ ಚೀಟಿ ಜೋಡಿಸುವಾಗ ಅನುಮಾನ ಬಂತು. ಒಂದೇ ಲಾರಿಯ 27 ಚೀಟಿ, ಇಪ್ಪತ್ತೇಳರಲ್ಲೂ ಖಾಲಿ ತೂಕ 8,640 ಕಿಲೋ. ಒಂದು ಕಿಲೋ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದರಲ್ಲಿ ಏನು ತಪ್ಪು ಅಂತೀರೋ? ಲಾರಿ ಅಂದರೆ ಕಲ್ಲಲ್ಲ ಮಾರಾಯ್ರೇ. ಒಂದು ದಿನ ಟ್ಯಾಂಕಿನಲ್ಲಿ ಡೀಸೆಲ್ ತುಂಬಿರ್ತದೆ, ಒಂದು ದಿನ ತಳ ಕಂಡಿರ್ತದೆ. ಮಳೆಗಾಲದಲ್ಲಿ ತಾಡಪತ್ರಿ ನೆನೆದಿರ್ತದೆ. ಕ್ಲೀನರ್ ಕೆಲವೊಮ್ಮೆ ಇಳಿದೇ ಇರುವುದಿಲ್ಲ. ನಿಜವಾಗಿ ತೂಗಿದ ಖಾಲಿ ಲಾರಿ ದಿನಕ್ಕೊಂದು ಅಂಕಿ ತೋರಿಸಲೇಬೇಕು. ತೋರಿಸಲಿಲ್ಲ ಅಂದರೆ ತೂಗಿಲ್ಲ ಅಂತಲೇ ಅರ್ಥ. ಆಗಿದ್ದೂ ಅದೇ. ಒಮ್ಮೆ ತೂಗಿದ ಖಾಲಿ ತೂಕವನ್ನು ಆ ಯಂತ್ರ ನೆನಪಿಟ್ಟುಕೊಳ್ತದೆ. ಒಂದು ಗುಂಡಿ ಒತ್ತಿದರೆ ಹಳೆ ಅಂಕಿಯೇ ಚೀಟಿಗೆ ಬಂದು ಕೂರ್ತದೆ. ಆಮೇಲೆ ಲಾರಿಗೆ ಭಾರದ ಕಬ್ಬಿಣದ ಬಾಡಿ ಕಟ್ಟಿಸಿದ್ದರು. ಲಾರಿ ದಪ್ಪಗಾಗಿತ್ತು, ಚೀಟಿಯಲ್ಲಿ ಮಾತ್ರ ಮೊದಲಿನ ಹಾಗೇ ತೆಳ್ಳಗಿತ್ತು. ಹೆಚ್ಚಿದ ಕಬ್ಬಿಣಕ್ಕೆಲ್ಲ ಕಂಪನಿ ಮೀನಿನ ದರ ಕೊಡ್ತಾ ಇತ್ತು.

ಹುಡುಗ ಹೆದರಿಕೊಂಡೇ ಒಂದು ಚೀಟಿ ಬರೆದು ದೂರಿನ ಪೆಟ್ಟಿಗೆಗೆ ಹಾಕಿದ: ‘ತೂಕದಲ್ಲಿ ಮೋಸ ಆಗ್ತಾ ಇದೆ, ಮ್ಯಾನೇಜರರೂ ಸೇರಿದ್ದಾರೆ.’ ಹೆಸರಿಲ್ಲ, ಲಾರಿ ನಂಬರಿಲ್ಲ, ತಾರೀಕಿಲ್ಲ. ಯಾರನ್ನು ಕರೆದು ಏನು ಕೇಳುವುದು? ಫೈಲಿಗೆ ಹೋಯ್ತು, ಅಲ್ಲೇ ಮಲಗಿತು. ಆರು ತಿಂಗಳ ಮೇಲೆ ಲೆಕ್ಕ ನೋಡಲು ಹೋದ ನನ್ನ ಹತ್ತಿರ ಮೆಲ್ಲಗೆ ಹೇಳಿದ, “ಸರ್, ನಾನು ಗುತ್ತಿಗೆಯವ, ನನ್ನ ಮಾತು ನಡೀತದಾ?” ಪಾಲಿಸಿ ತೆಗೆದು ಮೊದಲ ಪುಟದ ವ್ಯಾಖ್ಯೆ ಓದಿಸಿದೆ. 2013ರ ಕಂಪನಿ ಕಾಯ್ದೆಯ 177ನೇ ಕಲಂ ಹೇಳುವುದು ನಿರ್ದೇಶಕರು ಮತ್ತು ನೌಕರರು ಅಂತ. ಆದರೆ ಆ ಕಂಪನಿಯ ಪಾಲಿಸಿ ಗುತ್ತಿಗೆಯವರನ್ನೂ ಮಾಲು ಪೂರೈಸುವವರನ್ನೂ ಸೇರಿಸಿತ್ತು. “ಅಡ್ಡಿಲ್ಲ ತಮ್ಮಾ, ನೀನೂ ಇದ್ದೀಯ. ಈ ಸಲ ಹೆಸರು ಹಾಕಿ ಬರಿ,” ಅಂದೆ.

ಯಾರಿಗೆ ಬರೆಯುವುದು? ಪಾಲಿಸಿಯಲ್ಲಿ ಒಬ್ಬ ವಿಜಿಲೆನ್ಸ್ ಅಧಿಕಾರಿಯ ಹೆಸರಿತ್ತು. ಅವರು ಆ ಮ್ಯಾನೇಜರ್ ಕೈಕೆಳಗಿನವರೇ! ಇಂಥ ಕಡೆ ಕಾನೂನು ಇನ್ನೊಂದು ಬಾಗಿಲು ಇಟ್ಟಿದೆ, ನೇರವಾಗಿ ಕಂಪನಿ ನಿರ್ದೇಶಕರ ಆಡಿಟ್ ಸಮಿತಿಯ ಅಧ್ಯಕ್ಷರಿಗೇ ಬರೆಯಬಹುದು. ಹುಡುಗ ಹಾಗೇ ಮಾಡಿದ. ಲಾರಿ ನಂಬರು, ತಾರೀಕು, 27 ಚೀಟಿಗಳ ಕ್ರಮಸಂಖ್ಯೆ ಬರೆದ, ಕೊನೆಗೆ ತನ್ನ ಹೆಸರು. ಹೆಸರು ಲಕೋಟೆಯ ಒಳಗೆ.

ಈಗ ವಿಚಾರಣೆ ನೋಡಿ. ದೂರಿಗೆ ನಂಬರು ಬಿತ್ತು, ಹುಡುಗನಿಗೆ ಸ್ವೀಕೃತಿ ಬಂತು. ಸಮಿತಿಯವರು ಯಾರನ್ನೂ ಕರೆದು ಗದರಲಿಲ್ಲ, ಮೊದಲು ವೇಬ್ರಿಡ್ಜ್ ಕಂಪ್ಯೂಟರಿನ ದಾಖಲೆಯ ಪ್ರತಿ ತೆಗೆದಿಟ್ಟರು. ಇದೇ ಮುಖ್ಯ. ಮೊದಲು ಗದರಿದರೆ ರಾತ್ರಿ ಬೆಳಗಾಗುವುದರೊಳಗೆ ಕಂಪ್ಯೂಟರ್ ‘ಕೆಟ್ಟುಹೋಗ್ತದೆ’. ಆಮೇಲೆ ಒಂದು ಬೆಳಿಗ್ಗೆ ಹೇಳದೆ ಕೇಳದೆ ಖಾಲಿ ಲಾರಿಯನ್ನು ತೂಗಿಸಿದರು. 9,030 ಕಿಲೋ. ಒಂದು ಟ್ರಿಪ್ಪಿಗೆ 390 ಕಿಲೋ ಇಲ್ಲದ ಮೀನು. ಅವತ್ತಿನ ದರ ಕಿಲೋಗೆ 25 ರೂಪಾಯಿ ಅಂದರೆ 9,750 ರೂಪಾಯಿ. ಆ ನಂತರವೇ ಆರೋಪ ಹೊತ್ತವರಿಗೆ ಲಿಖಿತ ಉತ್ತರಕ್ಕೆ ಅವಕಾಶ. ಉತ್ತರ ಓದಿದ ಮೇಲೆ ಗೊತ್ತಾದದ್ದು, ಮ್ಯಾನೇಜರ್ ಪಾಪದವರು. ಗುಂಡಿ ಒತ್ತಿಸುತ್ತಿದ್ದವ ಸೂಪರ್‌ವೈಸರ್, ಪಾಲು ಕೊಡುತ್ತಿದ್ದವ ಮೀನು ಏಜೆಂಟ್.

ಹಾಗಾದರೆ ಮ್ಯಾನೇಜರ್ ಹೆಸರು ಬರೆದ ಹುಡುಗನಿಗೆ ಶಿಕ್ಷೆಯೋ? ಇಲ್ಲ. ನಂಬಿ ಹೇಳಿದ್ದು ತಪ್ಪಾದರೂ ರಕ್ಷಣೆ ಇದೆ. ಬೇಕಂತಲೇ ಸುಳ್ಳು ಹೇಳಿದವರಿಗೆ, ಹುರುಳಿಲ್ಲದ ದೂರನ್ನು ಮತ್ತೆ ಮತ್ತೆ ಬರೆಯುವವರಿಗೆ ಮಾತ್ರ ಇಲ್ಲ. ದೂರು ಕೊಟ್ಟ ಮೂರನೇ ವಾರ ಅವನನ್ನು ಕಾರಣವಿಲ್ಲದೆ ರಾತ್ರಿ ಪಾಳಿಗೆ ಹಾಕಿದರು. ಅದನ್ನೂ ಅದೇ ದೂರಿನ ನಂಬರು ಹಾಕಿ ಬರೆದ. ಸೇಡಿನ ವರ್ಗಾವಣೆಯೂ ಒಂದು ದೂರೇ. ಹಿಂದಿನ ಪಾಳಿ ವಾಪಸ್ ಸಿಕ್ಕಿತು. ಹೆಸರಿಲ್ಲದೆ ಬರೆದಿದ್ದರೆ ಯಾರ ಪಾಳಿಯನ್ನು ಸರಿ ಮಾಡುವುದು?

ಕತೆಯಲ್ಲೇ ಹೊತ್ತು ಹೋಯಿತು, ನನಗೆ ಕೊಟ್ಟ ಸಮಯ ಮುಗೀತಾ ಬಂತು. ಉಳಿದದ್ದು ಬೇಗ. ಶೇರುಪೇಟೆಯಲ್ಲಿರುವ ಕಂಪನಿ, ಸಾರ್ವಜನಿಕರಿಂದ ಠೇವಣಿ ಪಡೆಯುವ ಕಂಪನಿ, ಬ್ಯಾಂಕು ಮತ್ತು ಸಾರ್ವಜನಿಕ ಹಣಕಾಸು ಸಂಸ್ಥೆಗಳಿಂದ 50 ಕೋಟಿಗಿಂತ ಹೆಚ್ಚು ಸಾಲ ಮಾಡಿದ ಕಂಪನಿ, ಇವಕ್ಕೆಲ್ಲ ಈ ವ್ಯವಸ್ಥೆ ಕಡ್ಡಾಯ.

ಕೈಗಾದ ಅಣುಸ್ಥಾವರದಲ್ಲಿ, ಸರ್ಕಾರಿ ಬ್ಯಾಂಕುಗಳಲ್ಲಿ ಇರುವವರಿಗೆ ಇನ್ನೊಂದು ದಾರಿಯೂ ಇದೆ. ಸತ್ಯೇಂದ್ರ ದುಬೆ ಅನ್ನುವ ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದಿದ್ದರು. ತನ್ನ ಹೆಸರು ಗುಟ್ಟಾಗಿರಲಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಮೇಜಿನಿಂದ ಮೇಜಿಗೆ ತಿರುಗಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಅವರ ಕೊಲೆಯಾಯಿತು. ಆಗ ಎದ್ದ ಗದ್ದಲದಿಂದಲೇ 2004ರಲ್ಲಿ, ಅಕ್ರಮ ತಿಳಿಸಿದವರ ಹೆಸರು ಗುಟ್ಟಾಗಿಡಬೇಕು ಅನ್ನುವ ಕೇಂದ್ರದ ನಿರ್ಣಯವೊಂದು ಬಂತು, ಪಿಐಡಿಪಿಐ ಅಂತ ಕರೀತಾರೆ. ದೆಹಲಿಯ ಕೇಂದ್ರ ಜಾಗೃತ ಆಯೋಗದ ಕಾರ್ಯದರ್ಶಿಗೆ ಮುಚ್ಚಿದ ಲಕೋಟೆ ಕಳಿಸಬೇಕು, ಮೇಲೆ ಪಿಐಡಿಪಿಐ ಅಂತ ಬರೆಯಬೇಕು. ಹೆಸರು, ವಿಳಾಸ ಪತ್ರದ ಮೊದಲಿಗೋ ಕೊನೆಗೋ ಮಾತ್ರ. ನಡುವೆ ‘ನಾನು ಇಂಥ ವಿಭಾಗದವ’ ಅಂತ ಬರೆದುಬಿಟ್ಟರೆ ಹೆಸರು ಕತ್ತರಿಸಿದರೂ ನಿಮ್ಮ ಗುರುತು ಉಳಿದುಬಿಡ್ತದೆ. ದೂರು ತಲುಪಿತು ಅಂತ ಸ್ವೀಕೃತಿ ಬರುವುದಿಲ್ಲ, ನೀವೂ ಮೇಲಿಂದ ಮೇಲೆ ಬರೆಯಬೇಡಿ. ದೂರು ನಿಮ್ಮದೇ ಹೌದೋ ಅಂತ ಆಯೋಗ ಕೇಳಿದಾಗ ಮಾತ್ರ ಉತ್ತರ ಕೊಡಿ.

ರಾಜ್ಯ ಸರ್ಕಾರದ ಕಚೇರಿಗಳಿಗೆ ಈ ಲಕೋಟೆ ನಡೆಯುವುದಿಲ್ಲ, ಅಲ್ಲಿಯವರು ಲೋಕಾಯುಕ್ತಕ್ಕೆ ಹೋಗಿ. ಅಲ್ಲಿಯೂ ಹೆಸರು ಬೇಕು.

ಇನ್ನು ಅಂಚೆ ಕಚೇರಿಯ ಕಿಟಕಿಯಲ್ಲಿ ‘ಕಳಿಸುವವರ ವಿಳಾಸ ಎಲ್ಲಿ?’ ಅಂತ ಕೇಳಿದರೆ ಗಾಬರಿಯಾಗಿ ಲಕೋಟೆ ಮೇಲೆ ಗೀಚಬೇಡಿ. ಪಿಐಡಿಪಿಐ ಲಕೋಟೆಗೆ ವಿಳಾಸ ಬೇಕೇ ಬೇಕು ಅಂತ ಒತ್ತಾಯಿಸಬಾರದು ಎಂದು ಅಂಚೆ ಇಲಾಖೆಯೇ ತನ್ನವರಿಗೆ ಹೇಳಿದೆ. ಅದನ್ನು ನೆನಪಿಸಿ, ರಸೀದಿ ಇಸಕೊಂಡು ಬನ್ನಿ. ನಮಸ್ಕಾರ.