ಅಕ್ಷರವಿಲ್ಲದ ಪುಟಗಳಲ್ಲಿ ಮಗು ಕಥೆಯನ್ನು ಹಿಡಿಯುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಪದಗಳೇ ಇಲ್ಲದ ಚಿತ್ರಪುಸ್ತಕವೆಂದರೆ ಓದು ಬಾರದ ಮಗುವಿಗೂ ಸುಲಭ ಎಂದು ನಾವು ಭಾವಿಸುತ್ತೇವೆ. ಚಿತ್ರದಲ್ಲಿ ನಾಯಿ ಇದೆ, ಹುಡುಗನಿದ್ದಾನೆ ಎಂದು ಗುರುತಿಸುವುದು ಸುಲಭವೇ ಸರಿ. ಆದರೆ ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ ಏನು ನಡೆಯಿತೆಂಬುದನ್ನು ಯಾವ ಪುಟದಲ್ಲಿಯೂ ಬರೆದಿರುವುದಿಲ್ಲ. ಅದನ್ನು ಮಗುವೇ ತುಂಬಿಕೊಳ್ಳಬೇಕು. ಕಷ್ಟವಿರುವುದು ಅಲ್ಲಿ.

ಇದನ್ನು ವಿವರಿಸಲು ಮರ್ಸರ್ ಮೇಯರ್ ಅವರು 1969ರಲ್ಲಿ ಪ್ರಕಟಿಸಿದ, ಕಳೆದುಹೋದ ಕಪ್ಪೆಯೊಂದನ್ನು ಹುಡುಕುವ ಕಥೆಯ ಚಿತ್ರಪುಸ್ತಕವನ್ನು ತೆಗೆದುಕೊಳ್ಳುತ್ತೇನೆ. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಎಂಬ ಭಾಷಾವಿಜ್ಞಾನಿಗಳು ಇದೇ ಪುಸ್ತಕವನ್ನು ಐದು ಭಾಷೆಗಳ ಮಕ್ಕಳಿಗೂ ದೊಡ್ಡವರಿಗೂ ತೋರಿಸಿ, ಅವರ ಬಾಯಿಂದ ಕಥೆ ಹೇಳಿಸಿ, 1994ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೂರು ವರ್ಷದ ಮಕ್ಕಳು ಹೆಚ್ಚಾಗಿ ಒಂದೊಂದು ಚಿತ್ರವನ್ನು ಬಿಡಿಬಿಡಿಯಾಗಿ ವರ್ಣಿಸುತ್ತಾರೆ. ಐದರ ಹೊತ್ತಿಗೆ ಅಕ್ಕಪಕ್ಕದ ಘಟನೆಗಳನ್ನು ಜೋಡಿಸುತ್ತಾರೆ. ಒಂಬತ್ತರ ಹೊತ್ತಿಗೆ ಇಡೀ ಕಥೆಯನ್ನು ‘ಹುಡುಕಾಟ’ ಎಂಬ ಒಂದೇ ಎಳೆಯ ಮೇಲೆ ನಿಲ್ಲಿಸುತ್ತಾರೆ.

ಮೊದಲ ಚಿತ್ರದಲ್ಲಿ ರಾತ್ರಿಯ ಹೊತ್ತು ಹುಡುಗ ಮತ್ತು ನಾಯಿ ಗಾಜಿನ ಭರಣಿಯಲ್ಲಿರುವ ಕಪ್ಪೆಯನ್ನು ನೋಡುತ್ತಿದ್ದಾರೆ. ಎರಡನೆಯದರಲ್ಲಿ ಅವರಿಬ್ಬರೂ ಮಲಗಿದ್ದಾರೆ, ಕಪ್ಪೆ ಭರಣಿಯಿಂದ ಕಾಲು ಹೊರಗೆ ಇಟ್ಟಿದೆ. ಮೂರನೆಯದರಲ್ಲಿ ಬೆಳಗಾಗಿದೆ, ಭರಣಿ ಬರಿದಾಗಿದೆ. ನಮ್ಮ ಧಾರವಾಡದ ಕಡೆಯ ನಾಲ್ಕು ವರ್ಷದ ಮಗುವೊಂದು ಇದನ್ನು ‘ಹುಡುಗ ಮಲಗ್ಯಾನ. ಕಪ್ಪಿ ಐತಿ. ಇಲ್ಲಿ ಹುಡುಗ ಅದಾನ’ ಎಂದು ಹೇಳಿದರೆ, ಅದು ಮೂರು ಚಿತ್ರಗಳನ್ನು ನೋಡಿದೆ, ಕಥೆಯನ್ನು ಇನ್ನೂ ಹೇಳಿಲ್ಲ. ತೀರ ಎಳೆಯ ಮಗುವಾದರೆ ಎರಡನೆಯ ಪುಟದ ಹುಡುಗನನ್ನು ಇನ್ನೊಬ್ಬನೆಂದೇ ತಿಳಿಯಬಹುದು. ಒಂದೇ ಆಕೃತಿ ಮತ್ತೆ ಮತ್ತೆ ಬಂದರೆ ಅದು ಒಬ್ಬನೇ, ಬದಲಾದದ್ದು ಹೊತ್ತು ಎಂಬುದು ಕಲಿತು ಬರುವ ಅರಿವು. ಅದೇ ಮಗು ಮುಂದೊಂದು ದಿನ ‘ಎದ್ದು ನೋಡಿದ್ರ ಕಪ್ಪಿ ಇಲ್ಲ, ಓಡಿ ಹೋಗೇತಿ’ ಎಂದಾಗ, ಚಿತ್ರದಲ್ಲಿಲ್ಲದ ಓಟವನ್ನು ತಾನೇ ಸೇರಿಸಿದೆ. ‘ಎದ್ದು’, ‘ಓಡಿ’, ‘ಅದಕ್ಕ’ ಎಂದು ಕ್ರಿಯೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವುದನ್ನು ದೊಡ್ಡವರು ಕಿವಿಗೊಟ್ಟು ಕೇಳಬೇಕು.

ಎರಡನೆಯ ಚಿತ್ರದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಪ್ಪೆ ಹೊರಟದ್ದು ನೋಡುವ ಮಗುವಿಗೆ ಗೊತ್ತು, ಮಲಗಿದ ಹುಡುಗನಿಗೆ ಗೊತ್ತಿಲ್ಲ. ಮುಂದೆ ಕಾಡಿನಲ್ಲಿ ಇದು ಇನ್ನೂ ಗಹನವಾಗುತ್ತದೆ. ಹುಡುಗ ಬಂಡೆ ಹತ್ತಿ, ಮರದ ಟೊಂಗೆಗಳೆಂದು ತಿಳಿದು ಏನನ್ನೋ ಹಿಡಿದು ಕೂಗುತ್ತಾನೆ. ಪುಟ ತಿರುವಿದರೆ ಅವು ಜಿಂಕೆಯ ಕೊಂಬುಗಳು, ಹುಡುಗ ಅದರ ತಲೆಯ ಮೇಲಿದ್ದಾನೆ. ‘ಹುಡುಗ ಜಿಂಕಿ ಮ್ಯಾಲೆ ಕುಂತಾನ’ ಎನ್ನುವ ಮಗು ಕಂಡದ್ದನ್ನು ಹೇಳಿದೆ. ‘ಟೊಂಗಿ ಅಂತ ತಿಳಕೊಂಡಿದ್ದ’ ಎನ್ನುವ ಮಗು ಹುಡುಗನ ಮನಸ್ಸಿನೊಳಗಿನ ತಪ್ಪು ತಿಳಿವಳಿಕೆಯನ್ನು ಓದಿದೆ. ನಮ್ಮ ಭಾಗದಲ್ಲಿ ಇಲ್ಲೊಂದು ತೊಡಕೂ ಉಂಟು. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ವನ್ಯಧಾಮದಲ್ಲಿ ಚಿಗರಿಯನ್ನು ಕಂಡ ಮಗುವಿಗೆ ಕೊಂಬೆಂದರೆ ತಿರುಚಿದ ಸುರುಳಿಯ ಎರಡು ಕೋಲು, ಅದಕ್ಕೆ ಕವಲಿರುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಮಕ್ಕಳಿಗಂತೂ ಚಿಗರಿ ಎಂದರೆ ಮೊದಲು ನೆನಪಾಗುವುದು ಆ ಹೆಸರಿನ ಬಸ್ಸೇ ಇರಬಹುದು. ಕವಲೊಡೆದ ಕೊಂಬು ಟೊಂಗೆಯಂತೆ ಕಾಣುತ್ತದೆಂಬುದು ತಿಳಿಯದೆ ಈ ಪುಟ ಅರ್ಥವಾಗದು. ಆದ್ದರಿಂದ ಸಾರಂಗದ ಚಿತ್ರವೊಂದನ್ನು ಮೊದಲೇ ತೋರಿಸಿಡುವುದು ಒಳ್ಳೆಯದು.

ಅಂಗನವಾಡಿಯಲ್ಲಾಗಲಿ ಮನೆಯಲ್ಲಾಗಲಿ ಸಾಮಾನ್ಯವಾಗಿ ಕೆಡುವುದು ನಮ್ಮ ಪ್ರಶ್ನೆಯಿಂದ. ಪುಟಪುಟಕ್ಕೂ ‘ಇದೇನು? ಇವ ಯಾರು?’ ಎಂದು ಕೇಳುತ್ತ ಹೋದರೆ ಮಗು ಹೆಸರುಗಳನ್ನಷ್ಟೇ ಒಪ್ಪಿಸುತ್ತದೆ, ಎಳೆ ಹರಿಯುತ್ತದೆ. ಮೊದಲ ಸಲ ಮಾತಿಲ್ಲದೆ ಇಡೀ ಪುಸ್ತಕವನ್ನು ಮಗುವೇ ತಿರುವಿ ನೋಡಲಿ, ಹಿಂದಕ್ಕೆ ಹೋಗಬೇಕೆನಿಸಿದರೆ ಹೋಗಲಿ. ಎರಡನೆಯ ಸಲ ಅದು ಕಥೆ ಹೇಳಲಿ. ನಾವು ಬಾಯಿ ಹಾಕಬೇಕಾದದ್ದು ಪುಟ ತಿರುವುವ ಮುನ್ನ, ‘ಈಗ ಏನಾಗಬಹುದು?’ ಎಂದು ಕೇಳಲು ಮಾತ್ರ.

ಮಗು ಹೇಳದೆ ಬಿಟ್ಟದ್ದೆಲ್ಲ ಅದಕ್ಕೆ ತಿಳಿದಿಲ್ಲವೆಂದು ಎಣಿಸಬಾರದು. ಇದೇ ಪುಸ್ತಕದಲ್ಲಿ ಹುಡುಗ ನೆಲದ ಬಿಲದೊಳಗೆ ಕೂಗುತ್ತಿರುವಾಗ ನಾಯಿ ಪಕ್ಕದ ಜೇನುಹುಟ್ಟಿನ ಹಿಂದೆ ಬಿದ್ದಿದೆ. ಒಂದೇ ಚಿತ್ರದ ಎರಡು ಕೆಲಸಗಳನ್ನು ‘ಅಷ್ಟರೊಳಗೆ’ ಎಂದು ಹೆಣೆಯುವುದು ಎಳೆಯ ನಾಲಿಗೆಗೆ ಭಾರ, ಹಾಗಾಗಿ ಅದು ಒಂದನ್ನೇ ಹೇಳುತ್ತದೆ. ಆಗ ಜೇನುಹುಳುಗಳು ನಾಯಿಯನ್ನು ಅಟ್ಟುವ ಮುಂದಿನ ಪುಟಕ್ಕೆ ಬಂದು ‘ಇವಕ್ಯಾಕ ಸಿಟ್ಟು ಬಂತು?’ ಎಂದು ಕೇಳಿ. ಮಗು ತಾನೇ ಪುಟಗಳನ್ನು ಹಿಂದಕ್ಕೆ ತಿರುವಿ ಜೇನುಹುಟ್ಟಿನ ಮೇಲೆ ಬೆರಳಿಟ್ಟರೆ, ಬಾಯಲ್ಲಿ ಬಾರದ ಆ ಕಾರಣ ಅದಕ್ಕೆ ತಿಳಿದಿದೆ. ನಮಸ್ಕಾರ.