ಡ್ರಮ್ಸಿಗೆ ಪ್ಯಾರಲಲ್ ಕಂಪ್ರೆಶನ್: ಅಟ್ಯಾಕ್, ರಿಲೀಸ್ ಎಲ್ಲಿಂದ ಶುರು ಮಾಡೋದು

ನಮಸ್ಕಾರ. ಈ ಮಳೆಯಲ್ಲೂ ಮಂಗಳೂರಿನ ಟ್ರಾಫಿಕ್ ದಾಟಿ ಇಷ್ಟು ಜನ ಬಂದಿದ್ದೀರಿ, ತುಂಬ ಖುಷಿಯಾಯಿತು. ಇವತ್ತು ಒಂದೇ ಹಾಡಿನ ಡ್ರಮ್ಸ್ ಇಟ್ಟುಕೊಂಡು ಮಾತಾಡುತ್ತೇನೆ. ಹೋದ ಮಳೆಗಾಲದಲ್ಲಿ ಉಡುಪಿ ಹತ್ತಿರ ಒಂದು ಮನೆಯ ಮಹಡಿಯಲ್ಲಿ ನಾವೇ ರೆಕಾರ್ಡ್ ಮಾಡಿದ್ದು. ಮೇಲೆ ಶೀಟಿನ ಮಾಡು. ಅದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಚೆಂಡೆಯನ್ನು ಹತ್ತಿರ ನಿಂತು ಕೇಳಿದವರಿಗೆ ಇದು ಗೊತ್ತಿರುತ್ತದೆ: ಒಂದು ಪೆಟ್ಟಿನಲ್ಲಿ ಎರಡು ಭಾಗ ಉಂಟು. ಕೋಲು ಚರ್ಮಕ್ಕೆ ತಾಗುವ ಚೂಪಾದ ಸದ್ದು ಮೊದಲು, ಅದರ ಹಿಂದೆಯೇ ಬರುವ ನಾದ ಆಮೇಲೆ. ಸ್ನೇರ್, ಕಿಕ್, ಟಾಮ್ ಎಲ್ಲದರಲ್ಲೂ ಹೀಗೆಯೇ. ನಾನು ಇವನ್ನು ಪೆಟ್ಟು, ನಾದ ಎಂದೇ ಕರೆಯುತ್ತೇನೆ.

ನಮ್ಮ ಹಾಡಿನಲ್ಲಿ ಪೆಟ್ಟು ಚೆನ್ನಾಗಿಯೇ ಬಂದಿತ್ತು. ನಾದ ಮಾತ್ರ ತೆಳು. ಡ್ರಮ್ಸ್ ಒಂದನ್ನೇ ಕೇಳಿದರೆ ಪರವಾಗಿಲ್ಲ, ಆದರೆ ಎರಡು ಗಿಟಾರ್ ಬಂದ ಕೂಡಲೇ ಸ್ನೇರ್ ಬರೀ ಠಕ್ ಠಕ್ ಅಂತ ಉಳಿಯುತ್ತಿತ್ತು, ಮೈಯೇ ಇರಲಿಲ್ಲ. ನಾದ ಮೇಲೆ ಬರಲಿ ಅಂತ ಡ್ರಮ್ ಬಸ್ಸಿಗೆ ನೇರವಾಗಿ ಜೋರು ಕಂಪ್ರೆಸರ್ ಹಾಕಿದೆ. ನಾದ ಬಂತು, ಆದರೆ ಪೆಟ್ಟು ಹೋಯಿತು. ಇಂಥ ಕಡೆಯೇ ಪ್ಯಾರಲಲ್ ಬೇಕಾಗುವುದು. ಮೂಲ ಡ್ರಮ್ಸನ್ನು ಹಾಗೆಯೇ ಬಿಡಿ, ಅದರದ್ದೊಂದು ನಕಲು ಮಾಡಿ, ನಕಲನ್ನು ಚೆನ್ನಾಗಿ ಹಿಂಡಿ, ಮೂಲದ ಕೆಳಗೆ ಸ್ವಲ್ಪ ಸೇರಿಸಿ. ಅಷ್ಟೇ ಕೆಲಸ.

ಹೊಸ ಬಸ್ ಒಂದನ್ನು ತೆರೆದು ಕಂಪ್ರೆಸರ್ ಹಾಕಿ. ಡ್ರಮ್ ಟ್ರ್ಯಾಕುಗಳಿಂದ ಅದಕ್ಕೆ ಸೆಂಡ್ ಕೊಡಿ. ಸೆಂಡ್ ಪೋಸ್ಟ್ ಫೇಡರ್ ಇರಲಿ, ಆಗ ನೀವು ಸ್ನೇರ್ ಕಮ್ಮಿ ಮಾಡಿದರೆ ನಕಲಿನಲ್ಲೂ ಕಮ್ಮಿಯಾಗುತ್ತದೆ. ರೇಶಿಯೋ 8ಕ್ಕೆ 1 ಇಡಿ. ಅಟ್ಯಾಕ್ 10 ಮಿಲಿಸೆಕೆಂಡ್, ರಿಲೀಸ್ 150 ಮಿಲಿಸೆಕೆಂಡ್. ಆಮೇಲೆ ದೊಡ್ಡ ಪೆಟ್ಟು ಬಿದ್ದಾಗ, ಕಂಪ್ರೆಸರ್ ಎಷ್ಟು ಹಿಂಡಿತು ಅಂತ ತೋರಿಸುವ ಮುಳ್ಳು 12 ಡೆಸಿಬಲ್ ಹತ್ತಿರ ಕೆಳಗೆ ಹೋಗುವವರೆಗೆ ಥ್ರೆಶೋಲ್ಡ್ ಇಳಿಸಿ. ಮೇಕಪ್ ಗೇನ್ ಕೂಡ 12 ಕೊಡಿ. ಇದನ್ನೊಂದೇ ಕೇಳಿದರೆ ಕೆಟ್ಟದಾಗಿಯೇ ಕೇಳುತ್ತದೆ, ಹೆದರಬೇಡಿ, ಇದನ್ನು ಯಾರಿಗೂ ಒಂಟಿಯಾಗಿ ಕೇಳಿಸುವುದಿಲ್ಲ.

ಈಗ ಸಣ್ಣ ಲೆಕ್ಕ ಒಂದಿದೆ. ಅಟ್ಯಾಕ್, ರಿಲೀಸ್ ಎರಡೂ ಇದರಿಂದಲೇ ಅರ್ಥವಾಗುವುದರಿಂದ ನಿಧಾನ ಹೇಳುತ್ತೇನೆ.

ನಕಲಿನ ಫೇಡರನ್ನು ಮೂಲಕ್ಕಿಂತ 12 ಡೆಸಿಬಲ್ ಕೆಳಗೆ ಇಟ್ಟಿದ್ದೇವೆ ಅಂದುಕೊಳ್ಳಿ. ಜೋರು ಭಾಗವನ್ನು ಕಂಪ್ರೆಸರ್ 12 ಇಳಿಸಿತು, ಮೇಕಪ್ 12 ಏರಿಸಿತು, ಅಲ್ಲಿಗೆ ಸಮ ಆಯಿತು. ಫೇಡರ್ 12 ಕೆಳಗಿರುವುದರಿಂದ ಅದು ಮೂಲದ ಕಾಲು ಭಾಗದಷ್ಟು ಮಾತ್ರ ಸೇರುತ್ತದೆ. ಹಾಗಾಗಿ ಜೋರು ಭಾಗ ಏರುವುದು ಸುಮಾರು 2 ಡೆಸಿಬಲ್. ಮೆಲ್ಲಗಿನ ನಾದವನ್ನು ಕಂಪ್ರೆಸರ್ ಮುಟ್ಟುವುದೇ ಇಲ್ಲ. ಅದಕ್ಕೆ ಮೇಕಪ್ 12 ಸಿಕ್ಕಿತು, ಫೇಡರ್ 12 ತೆಗೆಯಿತು, ಮೂಲದಷ್ಟೇ ಜೋರಾಗಿ ಅದು ಮೂಲದ ಜೊತೆ ಸೇರಿತು. ಎರಡು ಸಮ ಸದ್ದು ಸೇರಿದರೆ 6 ಡೆಸಿಬಲ್ ಏರುತ್ತದೆ. ಪೆಟ್ಟು 2 ಏರಿತು, ನಾದ 6 ಏರಿತು. ಪೆಟ್ಟನ್ನು ಜಜ್ಜದೆ ನಾದ ಮಾತ್ರ ಮೇಲೆ ಬಂತಲ್ಲ, ಅದು ಹೀಗೆ.

ಅಟ್ಯಾಕ್ ಅಂದರೆ ಕಂಪ್ರೆಸರ್ ಹಿಡಿಯಲು ತೆಗೆದುಕೊಳ್ಳುವ ಸಮಯ. ಅದನ್ನು 30 ಮಿಲಿಸೆಕೆಂಡಿಗೆ ಇಟ್ಟರೆ ಏನಾಗುತ್ತದೆ? ಸ್ನೇರಿನ ಮೊದಲ ಪೆಟ್ಟು ಹಿಡಿತಕ್ಕೆ ಸಿಗುವ ಮುಂಚೆಯೇ ಪಾರಾಗುತ್ತದೆ. ಅದನ್ನು ಯಾರೂ ಇಳಿಸಲಿಲ್ಲ, ಮೇಕಪ್ ಮಾತ್ರ ಪೂರ್ತಿ ಸಿಕ್ಕಿತು. ಅಂದರೆ ಪೆಟ್ಟೂ 6 ಡೆಸಿಬಲ್ ಹತ್ತಿರ ಏರುತ್ತದೆ. ನಿಮ್ಮ ರೆಕಾರ್ಡಿಂಗಿನಲ್ಲಿ ಪೆಟ್ಟೇ ಮಂಕಾಗಿದ್ದರೆ ಅದು ಒಳ್ಳೆಯದೇ, 20ರಿಂದ 30ರಲ್ಲಿ ಇಡಿ. ನಮ್ಮ ಹಾಡಿನಲ್ಲಿ ಪೆಟ್ಟು ಆಗಲೇ ಜಾಸ್ತಿ ಇತ್ತು, ಬೇಕಾದದ್ದು ನಾದ. ಹಾಗಾಗಿ 10ರಿಂದ ಶುರು ಮಾಡಿ 3 ಮಿಲಿಸೆಕೆಂಡಿಗೆ ತಂದೆ. ನಕಲಿನಲ್ಲಿ ಪೆಟ್ಟು ಬಹುತೇಕ ಮಾಯವಾಯಿತು, ಆದರೆ ಮೂಲದಲ್ಲಿ ಅದು ಪೂರ್ತಿ ಇದೆಯಲ್ವಾ, ನಷ್ಟವೇನಿಲ್ಲ. ನೇರ ಕಂಪ್ರೆಶನ್ನಿನಲ್ಲಿ ಹೆದರಿಸುವ ವೇಗದ ಅಟ್ಯಾಕ್ ಇಲ್ಲಿ ಕೆಲಸಕ್ಕೆ ಬರುವುದು ಇದಕ್ಕೇ.

ಒಂದು ಎಚ್ಚರಿಕೆ. ಈ ಅಂಕೆಗಳು ಎಲ್ಲ ಕಂಪ್ರೆಸರಿನಲ್ಲೂ ಸಿಗುವುದಿಲ್ಲ. 1176 ಮಾದರಿಯದ್ದರಲ್ಲಿ ಅತಿ ನಿಧಾನದ ಅಟ್ಯಾಕ್ ಕೂಡ 1 ಮಿಲಿಸೆಕೆಂಡಿಗಿಂತ ಕಡಿಮೆ, ಮೇಲಾಗಿ ಅದರ ತಿರುಪು ಉಲ್ಟಾ, 7ಕ್ಕೆ ತಿರುಗಿಸಿದರೆ ವೇಗ. ಮೊದಲ ಸಲ ಕಲಿಯುವಾಗ ಮಿಲಿಸೆಕೆಂಡ್ ಬರೆದಿರುವ ಸಾದಾ ಕಂಪ್ರೆಸರ್ ಸಾಕು, ನಿಮ್ಮ ಸಾಫ್ಟ್‌ವೇರಿನ ಜೊತೆಗೇ ಬಂದಿರುತ್ತದೆ.

ರಿಲೀಸಿಗೆ ಬರೋಣ. ನನ್ನ ಅನುಭವದಲ್ಲಿ ಹೊಸಬರು ಹೆಚ್ಚು ತಪ್ಪುವುದು ಇಲ್ಲಿ. ನಾದ 6 ಡೆಸಿಬಲ್ ಏರುತ್ತದೆ ಅಂದೆನಲ್ಲ, ಅದು ಕಂಪ್ರೆಸರ್ ಕೈ ಬಿಟ್ಟ ಮೇಲೆ ಮಾತ್ರ. ಬಿಡದೇ ಹಿಡಿದುಕೊಂಡೇ ಇದ್ದರೆ ನಾದವೂ 12 ಇಳಿದೇ ಇರುತ್ತದೆ, ಅದಕ್ಕೂ ಸಿಗುವುದು ಬರೀ 2. ನಾನು ಸುಮ್ನೆ 800 ಮಿಲಿಸೆಕೆಂಡ್ ಇಟ್ಟು ನೋಡಿದೆ. ಮುಳ್ಳು ಕೆಳಗೆ ಹೋದದ್ದು ಮೇಲೆ ಬರಲೇ ಇಲ್ಲ, 10ರ ಆಸುಪಾಸಿನಲ್ಲಿ ಕೂತುಬಿಟ್ಟಿತು. ಡ್ರಮ್ಸ್ ಸ್ವಲ್ಪ ಜೋರಾಯಿತೇ ಹೊರತು ತುಂಬಿ ಬರಲಿಲ್ಲ. ಆ ಕೆಲಸಕ್ಕೆ ಫೇಡರ್ ಸಾಕಿತ್ತಲ್ಲ ಮಾರಾಯ್ರೆ.

ತೀರಾ ವೇಗ ಮಾಡಿದರೆ ಬೇರೆ ತೊಂದರೆ. 60 ಹರ್ಟ್ಸಿನ ಕಿಕ್ಕಿನಲ್ಲಿ ಒಂದು ಅಲೆ ಮುಗಿಯಲು ಸುಮಾರು 17 ಮಿಲಿಸೆಕೆಂಡ್ ಬೇಕು. ರಿಲೀಸ್ ಅದಕ್ಕಿಂತ ಕಮ್ಮಿಯಾದರೆ ಕಂಪ್ರೆಸರ್ ಪ್ರತಿ ಅಲೆಯನ್ನೂ ಬೆನ್ನಟ್ಟಿ ಹಿಡಿದು ಬಿಡುತ್ತದೆ. ಅಟ್ಯಾಕ್ ಕೂಡ ವೇಗವಾಗಿದ್ದರೆ ಕಿಕ್ ಗೊರಗೊರ ಅನ್ನುತ್ತದೆ. 30, 40ರಲ್ಲಿ ಆ ಗೊರಗೊರ ಕಡಿಮೆಯಾದರೂ ಪ್ರತಿ ಪೆಟ್ಟಿನ ಹಿಂದೆ ಸಿಂಬಲ್ ಉಸಿರೆಳೆದ ಹಾಗೆ ಉಬ್ಬಿ ಬರುತ್ತದೆ.

ಮಧ್ಯದ ಜಾಗ ಹುಡುಕಲು ಹಾಡಿನ ವೇಗವನ್ನೇ ಹಿಡಿಯಿರಿ. 60000ವನ್ನು ಬಿಪಿಎಂನಿಂದ ಭಾಗಿಸಿ. ನಮ್ಮ ಹಾಡು 96, ಹಾಗಾಗಿ ಒಂದು ಬೀಟಿಗೆ 625 ಮಿಲಿಸೆಕೆಂಡ್. ಅದರ ಕಾಲು ಭಾಗ 156. ಅಲ್ಲಿಂದ ಶುರು ಮಾಡಿ, ಕಿವಿ ಕೊಡುತ್ತಾ ಮುಳ್ಳನ್ನೂ ನೋಡಿ. ಕಿಕ್ ಬಿದ್ದಾಗ ಇಳಿದ ಮುಳ್ಳು ಮುಂದಿನ ಸ್ನೇರ್ ಬೀಳುವ ಸ್ವಲ್ಪ ಮುಂಚೆ ಸೊನ್ನೆಯ ಹತ್ತಿರ ಬಂದಿರಬೇಕು. ಕೋರಸ್ಸಿನಲ್ಲಿ ಕಿಕ್ ಅರ್ಧ ಬೀಟಿಗೊಮ್ಮೆ ಬರುತ್ತಿತ್ತು, ಅಲ್ಲಿ ಮುಳ್ಳು ಪೂರ್ತಿ ಮರಳುತ್ತಿರಲಿಲ್ಲ, ಹಾಗಾಗಿ 120ಕ್ಕೆ ಇಳಿಸಿದೆ. ಈ ಲೆಕ್ಕ ಶುರುವಿಗೆ ಮಾತ್ರ, ಅಲ್ಲೇ ನಿಲ್ಲಬೇಕು ಅಂತಿಲ್ಲ.

ಆಗ ಡ್ರಮ್ಮರ್ ಹುಡುಗ ಹೆಡ್‌ಫೋನ್ ಹಾಕಿಕೊಂಡು ಕೇಳಿದ. "ಅಣ್ಣ, ಸ್ನೇರ್ ಭಾರೀ ಲಾಯ್ಕಾಯ್ತು, ಆದ್ರೆ ಮಳೆ ಜೋರಾಗಿದೆಯಲ್ಲ" ಅಂದ. ಹೊರಗೆ ಮಳೆ ನಿಂತಿತ್ತು. ಅವನು ಹೇಳಿದ್ದು ಟ್ರ್ಯಾಕಿನೊಳಗಿನ ಮಳೆ, ರೆಕಾರ್ಡ್ ಮಾಡಿದ ದಿನ ಶೀಟಿನ ಮೇಲೆ ಬಿದ್ದದ್ದು. ಅದೇ ಲೆಕ್ಕ ಅದಕ್ಕೂ ಅನ್ವಯ: ಮೆಲ್ಲಗಿರುವುದೆಲ್ಲ 6 ಡೆಸಿಬಲ್ ಏರುತ್ತದೆ. ಕಂಪ್ರೆಸರಿಗೆ ನಾದ ಯಾವುದು, ಮಳೆ ಯಾವುದು ಅಂತ ಗೊತ್ತಾಗುವುದಿಲ್ಲ. ಸೆಂಡುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದೆವು. ಮಳೆ ಬರುತ್ತಿದ್ದದ್ದು ಓವರ್‌ಹೆಡ್ ಮತ್ತು ರೂಮ್ ಮೈಕಿನಿಂದ. ಅವೆರಡನ್ನೂ ನಕಲಿನಿಂದ ತೆಗೆದು ಕಿಕ್, ಸ್ನೇರ್, ಟಾಮ್ ಮಾತ್ರ ಕಳಿಸಿದೆವು. ಹತ್ತಿರದ ಮೈಕಿನಲ್ಲಿ ಡ್ರಮ್ ಅಷ್ಟು ಜೋರಿರುವಾಗ ಮಳೆ ತೀರಾ ಕಮ್ಮಿ. ಸಿಂಬಲ್ ಉಬ್ಬುವುದೂ ಅದರಿಂದಲೇ ಕಮ್ಮಿಯಾಯಿತು. ಮಳೆ ಇಲ್ಲದ ರೆಕಾರ್ಡಿಂಗಿನಲ್ಲೂ ನಾನು ಓವರ್‌ಹೆಡ್ಡನ್ನು ನಕಲಿಗೆ ಕಳಿಸುವುದು ಕಮ್ಮಿ. ರೂಮ್ ಒಳ್ಳೆಯದಿದ್ದರೆ ಮಾತ್ರ ಸ್ವಲ್ಪ.

ಇನ್ನೊಂದು ವಿಷಯ, ನಕಲು ಮೂಲದ ಜೊತೆ ಸರಿಯಾಗಿ ಒಂದೇ ಕ್ಷಣಕ್ಕೆ ಬರಬೇಕು. 1 ಮಿಲಿಸೆಕೆಂಡ್ ಹಿಂದೆ ಬಿದ್ದರೂ 500 ಹರ್ಟ್ಸಿನಲ್ಲಿ, ಮತ್ತೆ 1500ರಲ್ಲಿ, 2500ರಲ್ಲಿ ಎರಡೂ ಪರಸ್ಪರ ತಿಂದುಕೊಳ್ಳುತ್ತವೆ, ಸ್ನೇರ್ ಡಬ್ಬಿಯೊಳಗೆ ಬಡಿದ ಹಾಗೆ ಕೇಳುತ್ತದೆ. ಪ್ಲಗಿನ್ ಮಾಡುವ ತಡವನ್ನು ಸಾಫ್ಟ್‌ವೇರ್ ತಾನೇ ಸರಿಪಡಿಸುವುದೇ ಹೆಚ್ಚು, ಆದರೂ ಒಮ್ಮೆ ನೋಡಿ. ನಕಲಿಗೆ ಹೋಗುವ ಟ್ರ್ಯಾಕುಗಳನ್ನು ಮಾತ್ರ ಆನ್ ಇಡಿ, ಮೂಲದ ಬಸ್ಸಿನಲ್ಲಿ ಬೇರೆ ಪ್ಲಗಿನ್ ಇದ್ದರೆ ಬೈಪಾಸ್ ಮಾಡಿ. ಕಂಪ್ರೆಸರಿನ ರೇಶಿಯೋ 1ಕ್ಕೆ 1 ಮಾಡಿ, ಮೇಕಪ್ ಸೊನ್ನೆ ಮಾಡಿ, ಸೆಂಡುಗಳನ್ನೂ ಎರಡೂ ಬಸ್ಸಿನ ಫೇಡರನ್ನೂ 0 ಡೆಸಿಬಲ್ಲಿಗೆ ಇಡಿ, ನಕಲಿನ ಪೋಲಾರಿಟಿ ತಿರುಗಿಸಿ. ಸದ್ದು ಪೂರ್ತಿ ನಿಂತರೆ ಎಲ್ಲ ಸರಿ. ತೆಳ್ಳಗೆ ಏನೋ ಕೇಳುತ್ತಾ ಉಳಿದರೆ ಎಲ್ಲೋ ತಡ ಉಂಟು, ಅಥವಾ ಆ ಕಂಪ್ರೆಸರ್ ಹಿಂಡದೆಯೂ ಸದ್ದಿಗೆ ತನ್ನ ಬಣ್ಣ ಸೇರಿಸುತ್ತದೆ.

ಕಿಕ್ ಒಂದೇ ಮುಳ್ಳನ್ನು ಎಳೆಯುತ್ತಿದ್ದರೆ ಹಲವರು ನಕಲಿಗೆ ಇಕ್ಯೂ ಹಾಕಿ ಕೆಳಗಿನದ್ದನ್ನು ಕಡಿದಾಗಿ ಕತ್ತರಿಸುತ್ತಾರೆ. ಅದು ಬೇಡ. ಆ ಕತ್ತರಿಯ ಆಸುಪಾಸಿನಲ್ಲಿ ಫೇಸ್ ತಿರುಗಿ, ಮೂಲದ ಜೊತೆ ಸೇರುವಾಗ ಕಿಕ್ ತೆಳುವಾಗಬಹುದು. ಕಂಪ್ರೆಸರಿನ ಸೈಡ್‌ಚೈನಿನಲ್ಲಿರುವ ಫಿಲ್ಟರನ್ನು 100 ಹರ್ಟ್ಸಿಗೆ ಇಡಿ. ಅದು ಕಂಪ್ರೆಸರ್ ಯಾವುದಕ್ಕೆ ಸ್ಪಂದಿಸಬೇಕು ಎಂಬುದನ್ನು ಮಾತ್ರ ಬದಲಿಸುತ್ತದೆ, ಹೊರಗೆ ಬರುವ ಸದ್ದಿನ ಕೆಳಭಾಗವನ್ನು ಕತ್ತರಿಸುವುದಿಲ್ಲ.

ಕೊನೆಗೆ ಫೇಡರ್. ಗಿಟಾರ್, ಹಾಡು ಎಲ್ಲ ನಡೆಯುತ್ತಿರುವಾಗಲೇ ನಕಲನ್ನು ಪೂರ್ತಿ ಕೆಳಗಿನಿಂದ ಏರಿಸುತ್ತಾ ಬನ್ನಿ. ಬಂತು ಅಂತ ಗೊತ್ತಾದ ಕಡೆ ನಿಲ್ಲಿಸಿ, 2 ಡೆಸಿಬಲ್ ಹಿಂದಕ್ಕೆ ಬನ್ನಿ. ಆಮೇಲೆ ಆನ್ ಆಫ್ ಮಾಡಿ ಹೋಲಿಸುವಾಗ ಮೋಸ ಹೋಗಬೇಡಿ, ಸೇರಿಸಿದ್ದರಿಂದ ಒಟ್ಟು ಸದ್ದು ಏರಿರುತ್ತದೆ, ಜೋರಾದದ್ದು ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಆನ್ ಇರುವಾಗ ಡ್ರಮ್ಸಿನ ಒಟ್ಟು ಫೇಡರನ್ನು ಅಷ್ಟೇ ಇಳಿಸಿ, ಸಮ ಮಾಡಿಕೊಂಡು ಕೇಳಿ. ನಮ್ಮ ಹಾಡಿನಲ್ಲಿ ನಕಲು ಕೋರಸ್ಸಿಗೆ 13 ಡೆಸಿಬಲ್ ಕೆಳಗೆ ನಿಂತಿತು, ಚರಣಕ್ಕೆ ಇನ್ನೂ 4 ಇಳಿಸಿದೆವು.

ಈಗ ಅದೇ ಫೈಲ್ ಹಾಕುತ್ತೇನೆ. ಮೊದಲು 800ರ ರಿಲೀಸ್, ಆಮೇಲೆ 30, ಆಮೇಲೆ 120. ಯಾರಾದರೂ ಆ ಫ್ಯಾನ್ ಆಫ್ ಮಾಡುತ್ತೀರಾ, ನಾದದ ಬಾಲ ಕೇಳಬೇಕು.